ಬೇಗ ಮುಗಿಸಿದವರಿಗೆ ಬಹುಮಾನ

ವಾರಿಜಕ್ಕ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಕೇಳಿದರೆ ನಿಮಗೆ ಹಾಗನ್ನಿಸಬಹುದು. ಜೋಗೇಶ್ವರಿಯ ನಮ್ಮ ಕನ್ನಡ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರು ಎರಡನೇ ಕ್ಲಾಸಿನ ಟೀಚರ್. ನಾನು ರಂಜನಾ, ಮೂರನೇ ಕ್ಲಾಸಿನ ಟೀಚರ್. ಇಬ್ಬರ ನಡುವೆ ಇರುವುದು ಒಂದು ಪ್ಲೈವುಡ್ ಪಾರ್ಟಿಷನ್. ಅಲ್ಲಿ ಯಾರು ಸೀನಿದರೂ ನನ್ನ ಕ್ಲಾಸಿನ ಮಕ್ಕಳು ನಗುತ್ತವೆ.

ವಾರಿಜಕ್ಕ ಉಡುಪಿ ಕಡೆಯವರು. ಭಾಂಡುಪ್‌ನಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಬದಲಿಸಿ, ಬೆಲ್ಲಿಗೆ ಹತ್ತು ನಿಮಿಷ ಮೊದಲೇ ಹಾಜರು. ಕೈಚೀಲದಲ್ಲಿ ಟಿಫಿನ್‌ಗಿಂತ ದಪ್ಪನೆಯ ಝೆರಾಕ್ಸ್ ಕಟ್ಟು. ಅದು ಫಾಸ್ಟ್ ಮಕ್ಕಳಿಗೆ. ಬೋರ್ಡಿನ ಹತ್ತು ಲೆಕ್ಕ ಯಾರು ಬೇಗ ಮುಗಿಸುತ್ತಾರೋ ಅವರಿಗೆ ಒಂದು ಶಹಬ್ಬಾಸ್, ಜೊತೆಗೆ ಅಂಥವೇ ಇಪ್ಪತ್ತು ಲೆಕ್ಕದ ಒಂದು ಹಾಳೆ. ಅದನ್ನೂ ಮುಗಿಸಿದರೆ ಇನ್ನೊಂದು. ಚುರುಕಾದ ಕೆಲಸದವನಿಗೆ ಸೇಠ್ ಡಬಲ್ ಡ್ಯೂಟಿ ಹಾಕುತ್ತಾನಲ್ಲ, ಅದೇ ನ್ಯಾಯ.

ಇದಕ್ಕೆ ನಮ್ಮ ಹೆಡ್‌ಮಾಸ್ಟರ್ ದೇವಾನಂದ ಸರ್ ಅವರ ಪೂರ್ಣ ಆಶೀರ್ವಾದ ಇತ್ತು. ಸರ್ ನೋಟ್‌ಬುಕ್ ಓದುವುದಿಲ್ಲ, ತೂಗಿ ನೋಡುತ್ತಾರೆ. ಪುಟ ತುಂಬಿದ್ದರೆ ಸಹಿ, ಖಾಲಿ ಇದ್ದರೆ ಉಪದೇಶ. ವಾರಿಜಕ್ಕನ ಕ್ಲಾಸಿಗೆ ವರ್ಷವೂ ಸಹಿಯೇ ಸಹಿ.

ಆ ಜೂನ್‌ನಲ್ಲಿ ಯಕ್ಷಿತಾ ಬಂದಳು. ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ವೇಟರುಗಳ ಕ್ಯಾಪ್ಟನ್ ಆಗಿರುವ ಸುಕೇಶ್ ಶೆಟ್ಟರ ಮಗಳು. ಐದೇ ನಿಮಿಷದಲ್ಲಿ ಹತ್ತೂ ಲೆಕ್ಕ ಮುಗಿಸಿ "ಟೀಚರ್, ಆಯ್ತು" ಎನ್ನುವಳು. ಬಿತ್ತು ಒಂದು ಹಾಳೆ. ಮರುದಿನ ಎರಡು. ಜುಲೈ ಮುಗಿಯುವಷ್ಟರಲ್ಲಿ ಆ ಹುಡುಗಿ ದಿನಕ್ಕೆ ಐವತ್ತು ಲೆಕ್ಕ ಎಳೆಯುತ್ತಿದ್ದಳು, ಪಕ್ಕದ ಬೆಂಚಿನ ಸೃಜನ್ ಹತ್ತು ಮಾಡಿ ಹಾಯಾಗಿ ಕಿಟಕಿಯಲ್ಲಿ ಪಾರಿವಾಳ ನೋಡುತ್ತಿದ್ದ.

ಆಗಸ್ಟ್‌ನಲ್ಲಿ ಯಕ್ಷಿತಾ ಇದ್ದಕ್ಕಿದ್ದಂತೆ ಮಂಕಾದಳು. ಅದೇ ಹತ್ತು ಲೆಕ್ಕಕ್ಕೆ ಇಡೀ ಪೀರಿಯಡ್ ಬೇಕಾಯಿತು. ದೇವಾನಂದ ಸರ್ ಕಣ್ಣು ಪರೀಕ್ಷೆ ಮಾಡಿಸಿ ಎಂದರು. ಸುಕೇಶ್ ಕಣ್ಣಿನ ತಂಟೆಗೆ ಹೋಗದೆ, ಸ್ಟೇಷನ್ ಹತ್ತಿರದ ಹಿತೇಶ್ ಸರ್ ಟ್ಯೂಷನ್ ಕ್ಲಾಸಿಗೆ ಹೆಸರು ಕೊಟ್ಟು ಬಂದರು. ಅಲ್ಲಿ ಸ್ಟಾಪ್‌ವಾಚ್ ಇಟ್ಟು ದಿನಕ್ಕೆ ಇನ್ನೂರು ಲೆಕ್ಕ ಮಾಡಿಸುತ್ತಾರಂತೆ. ಬರುವ ಸೋಮವಾರದಿಂದ ಶುರು ಎಂದು ಗೇಟಿನಲ್ಲಿ ಸಿಕ್ಕಾಗ ಖುಷಿಯಿಂದ ಹೇಳಿದರು. ಹುಡುಗಿ ಅಪ್ಪನ ಕೈ ಹಿಡಿದು ನೆಲ ನೋಡುತ್ತಿದ್ದಳು.

ಅದೇ ದಿನ ಮಧ್ಯಾಹ್ನ ವಾರಿಜಕ್ಕ ನೋಟ್‌ಬುಕ್ ತಿದ್ದುತ್ತಾ ಕೂತಿದ್ದರು. ಯಕ್ಷಿತಾಳ ಪುಸ್ತಕದ ಕೊನೆಯ ಪುಟದಲ್ಲಿ ಇರುವೆ ಸಾಲಿನ ಹಾಗೆ ಹತ್ತು ಉತ್ತರ. ಎಲ್ಲ ಸರಿ. ಅಂದರೆ ಐದು ನಿಮಿಷದಲ್ಲಿ ಲೆಕ್ಕ ಮುಗಿಸಿ, ಕೊನೆಯ ಪುಟದಲ್ಲಿ ಬಚ್ಚಿಟ್ಟು, ಆಮೇಲೆ ಬೆಲ್ ಹೊಡೆಯುವವರೆಗೆ ಒಂದೊಂದಾಗಿ ಇಳಿಸುತ್ತಿದ್ದಳು. ಅವಳನ್ನು ಕರೆದು ಯಾಕಮ್ಮಾ ಹೀಗೆ ಎಂದು ಕೇಳಿದರು.

"ಬೇಗ ಮುಗಿಸಿದ್ರೆ ಮತ್ತೆ ಕೊಡ್ತೀರಲ್ಲ ಟೀಚರ್."

ದೂರು ಹೇಳುವ ದನಿಯೇ ಅಲ್ಲ. ಮಳೆ ಬಂದರೆ ನೆನೆಯುತ್ತದಲ್ಲ ಎಂದ ಹಾಗೆ. ಪಾರ್ಟಿಷನ್ ಈಚೆ ನನಗೂ ಅದು ಕೇಳಿಸಿತು. ಆಮೇಲೆ ವಾರಿಜಕ್ಕ ನನ್ನ ಕ್ಲಾಸಿಗೆ ಬಂದು, ಹತ್ತೊಂಬತ್ತು ವರ್ಷದಲ್ಲಿ ಇನ್ನೆಷ್ಟು ಮಕ್ಕಳು ಹೀಗೆ ಬಚ್ಚಿಟ್ಟರೋ ರಂಜನಾ ಎಂದು ಕಣ್ಣೀರು ಹಾಕಿದರು. ನಾನು ಸಮಾಧಾನ ಹೇಳಲಿಲ್ಲ. ಎಷ್ಟು ವರ್ಷದಿಂದ ಹೇಳಬೇಕೆಂದಿದ್ದೆನೋ ಅದನ್ನೇ ನಮ್ಮೂರ ಮಾತಿನಲ್ಲಿ ಹೇಳಿದೆ, "ಅಕ್ಕಾ, ಶಾಣ್ಯಾ ಆದದ್ದಕ್ಕ ಶಿಕ್ಷಾ ಕೊಡ್ಲಿಕ್ಕ ಹತ್ತೀರಿ ನೀವು."

ಮರುದಿನ ಅವರು ಹೊಸ ಉಪಾಯದೊಂದಿಗೆ ಬಂದರು. ನಾಲ್ಕು ಅಂಕಿಯ ಸಂಖ್ಯೆ ಕೂಡಿಸುವುದು! ಯಕ್ಷಿತಾ ಆಕಳಿಸಿದಳು. ಉದ್ದ ಮಾಡಿದರೆ ಲೆಕ್ಕ ಆಳವಾಗುವುದಿಲ್ಲ ಎಂದು ಆ ಆಕಳಿಕೆಯಿಂದಲೇ ಅಕ್ಕನಿಗೆ ಗೊತ್ತಾಯಿತು.

ಅದರ ಮರುದಿನ ಝೆರಾಕ್ಸ್ ಇಲ್ಲದೆ ಬಂದು, ಅವಳ ಪುಸ್ತಕದ ಖಾಲಿ ಪುಟದಲ್ಲಿ ಒಂದೇ ಪ್ರಶ್ನೆ ಬರೆದರು: ಇಡ್ಲಿ ಪ್ಲೇಟಿಗೆ ಎರಡು, ಅಂಬಡೆ ವಡೆ ಪ್ಲೇಟಿಗೆ ಮೂರು. ಮೇಜಿನ ಮೇಲೆ ಒಟ್ಟು ಹನ್ನೆರಡು ಇದ್ದರೆ ಪ್ಲೇಟು ಎಷ್ಟೆಷ್ಟು?

ಒಂದೇ ನಿಮಿಷಕ್ಕೆ ಉತ್ತರ ಬಂತು: ಮೂರು ಪ್ಲೇಟು ಇಡ್ಲಿ, ಎರಡು ಪ್ಲೇಟು ಅಂಬಡೆ. ಹಿಂದಿನ ವಾರಿಜಕ್ಕ ಆಗಿದ್ದರೆ ಅಲ್ಲಿಗೆ ಮುಂದಿನ ಪ್ರಶ್ನೆ. ಈಗ ಮಾತ್ರ, ಬೇರೆ ಥರ ಆಗುತ್ತದಾ ನೋಡು ಎಂದರು. ಹುಡುಗಿ ವೃತ್ತ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಬರೀ ಇಡ್ಲಿ ಆರು ಪ್ಲೇಟು, ಬರೀ ಅಂಬಡೆ ನಾಲ್ಕು ಪ್ಲೇಟು. ಮೂರು ಥರ ಆಯಿತು. ಆಗ ಅಕ್ಕ ಕೇಳಿದರು, "ಇನ್ನು ಬೇರೆ ಇಲ್ಲ ಅಂತ ನಿಂಗೆ ಹೇಗೆ ಗೊತ್ತು?"

ಅದಕ್ಕೆ ಮೂರು ದಿನ ಹಿಡಿಯಿತು. ಬೋರ್ಡಿನ ಹತ್ತು ಲೆಕ್ಕವನ್ನು ಐದೇ ನಿಮಿಷದಲ್ಲಿ ಮುಗಿಸಿ ಎಸೆದು, ಉಳಿದ ಹೊತ್ತೆಲ್ಲ ಆ ಪುಟದ ಮೇಲೆ ಬೋರಲು ಬೀಳುತ್ತಿದ್ದಳು. ನಡುನಡುವೆ ಸೃಜನ್‌ನೂ ಪಾರಿವಾಳ ಬಿಟ್ಟು ಬಂದು ಇಣುಕಿದ.

ಶನಿವಾರ ಪೇರೆಂಟ್ಸ್ ಮೀಟಿಂಗ್. ದೇವಾನಂದ ಸರ್ ಪುಸ್ತಕ ತೂಗಿದರು, ಮುಖ ಹುಳ್ಳಗಾಯಿತು. ಮೂರು ದಿನಕ್ಕೆ ಒಂದು ಪ್ರಶ್ನೆಯೇ ಎಂದರು. ಸುಕೇಶ್ ಬಗ್ಗಿ ಓದಿ, ಇದು ನನ್ನ ದಿನದ ಕೆಲಸವಲ್ಲವಾ ಟೀಚರೇ, ಮೂರು ಇಡ್ಲಿ ಎರಡು ಅಂಬಡೆ, ಮುಗೀತು ಎಂದರು. ಸೋಮವಾರದಿಂದ ಹಿತೇಶ್ ಸರ್ ಹತ್ತಿರವೇ ಹೋಗಲಿ ಎಂದೂ ಸೇರಿಸಿದರು.

"ಮುಗ್ದಿಲ್ಲ ಅಪ್ಪಾ," ಎಂದಳು ಯಕ್ಷಿತಾ. ಇನ್ನೆರಡು ಥರ ತೋರಿಸಿದಳು. ಒಂದು ಪ್ಲೇಟು ಅಂಬಡೆ ತಗೊಂಡರೆ ಯಾಕಾಗಬಾರದು ಎಂದರು ಸರ್. "ಆಗ ಒಂಬತ್ತು ಉಳೀತದೆ. ಇಡ್ಲಿ ಎರಡೆರಡು ಜೋಡಿ ಅಲ್ವಾ, ಒಂದು ಇಡ್ಲಿ ಒಂಟಿ ಆಗ್ತದೆ. ಮೂರು ಪ್ಲೇಟಾದ್ರೆ ಮೂರು ಉಳೀತದೆ, ಆಗ್ಲೂ ಒಂಟಿ. ಐದು ಪ್ಲೇಟು ಅಂದ್ರೆ ಹದಿನೈದು, ಜಾಸ್ತಿ ಆಯ್ತು." ಆಮೇಲೆ ಅಪ್ಪನಿಗೇ ಪ್ರಶ್ನೆ ಹಾಕಿದಳು: ಹನ್ನೆರಡರ ಬದಲು ಹದಿಮೂರು ಇದ್ದರೆ?

ಸುಕೇಶ್ ಜೇಬಿನಿಂದ ಬಿಲ್ ಪುಸ್ತಕ ಎಳೆದು ಹಿಂಬದಿಯಲ್ಲಿ ಬರೆಯತೊಡಗಿದರು. ಬರೀ ಇಡ್ಲಿ ಆಗುವುದಿಲ್ಲ, ಬರೀ ಅಂಬಡೆಯೂ ಆಗುವುದಿಲ್ಲ. ಎರಡೇ ಥರ ಎಂದು ಕಂಡುಕೊಳ್ಳುವಷ್ಟರಲ್ಲಿ ಹೋಟೆಲಿನಿಂದ ಮೂರು ಫೋನ್ ಬಂದಿತ್ತು. ಮಗಳ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಹೋಗುವಾಗ ವಾರಿಜಕ್ಕನ ಹತ್ತಿರ ಬಂದು, ಹಿತೇಶ್ ಸರ್‌ಗೆ ಬೇಡ ಅಂತ ಹೇಳಿಬಿಡ್ತೇನೆ ಮಾರಾಯ್ರೆ ಎಂದರು. ಅಕ್ಕನ ಕಣ್ಣು ಮತ್ತೆ ತುಂಬಿತು, ಈ ಸಲ ನನ್ನದೂ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೇವಾನಂದ ಸರ್‌ಗೂ ಜ್ಞಾನೋದಯ ಆಗಿತ್ತಲ್ಲ. ಸೋಮವಾರ ಬೆಳಿಗ್ಗೆಯೇ ಸರ್ಕ್ಯುಲರ್: ಫಾಸ್ಟ್ ಮಕ್ಕಳಿಗೆ ಇನ್ನು ಮುಂದೆ ಯೋಚನೆಯ ಪ್ರಶ್ನೆ, ದಿನಕ್ಕೆ ನಲವತ್ತು. ಜೊತೆಗೆ ಹೊಸ ಝೆರಾಕ್ಸ್ ಕಟ್ಟು, ಹಳೆಯದಕ್ಕಿಂತ ದಪ್ಪ.

ಯಕ್ಷಿತಾ ಟೇಬಲ್ ಮೇಲಿನ ಆ ಕಟ್ಟು ನೋಡಿದಳು. ಓಡುತ್ತಿದ್ದ ಪೆನ್ಸಿಲ್ ನಿಧಾನವಾಯಿತು. ವಾರಿಜಕ್ಕ ಅದನ್ನು ಕಂಡರು. ಎದ್ದು, ಕಟ್ಟನ್ನು ಬೀರುವಿನೊಳಗಿಟ್ಟು ಬೀಗ ಜಡಿದು, ಅವಳ ಪುಸ್ತಕದಲ್ಲಿ ಒಂದು ಸಾಲು ಬರೆದರು: ಯಾವ ಸಂಖ್ಯೆಗೆ ಈ ಎರಡು ಪ್ಲೇಟಿನಿಂದ ಏನು ಮಾಡಿದರೂ ಆಗುವುದಿಲ್ಲ?

ಶುಕ್ರವಾರ ಸರ್ ಬಾಗಿಲಲ್ಲಿ ನಿಂತು, ವಾರಕ್ಕೆ ಎಷ್ಟಾಯಿತು ಎಂದು ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ಒಂದೂ ಸುಳ್ಳು ಹೇಳದ ವಾರಿಜಕ್ಕ ನಿಟ್ಟುಸಿರು ಬಿಟ್ಟರು.

"ಇನ್ನೂ ಮೊದಲನೇದರಲ್ಲೇ ಇದ್ದಾಳೆ ಸರ್. ಏನು ಮಾಡೋದು, ಹುಡುಗಿ ಬಹಳ ಸ್ಲೋ."

ಯಕ್ಷಿತಾ ತಲೆ ಎತ್ತಿ ಟೀಚರ್ ಮುಖ ನೋಡಿದಳು. ಆಮೇಲೆ ನಗು ತಡೆಯಲು ಬಾಯಿಗೆ ರಬ್ಬರ್ ಕಚ್ಚಿಕೊಂಡು ಮತ್ತೆ ಪುಟದ ಮೇಲೆ ಬಗ್ಗಿದಳು.