ಹಿಂತಿರುಗಿಸಿದ ಮಫ್ಲರು

ಕೊಬ್ಬರಿಯನ್ನು ಕಣ್ಣಿಂದ ನೋಡುವವರು ಬಹಳ ಜನ. ಕಿವಿಯಿಂದ ನೋಡುವವರು ತಿಪಟೂರಿನ ಮಾರುಕಟ್ಟೆಯಲ್ಲಿ ಈಗ ಕಡಿಮೆ. ಪರಮಶಿವಯ್ಯ ಹಾಗೆ ಕಿವಿಯಿಂದ ನೋಡುವವನು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಬಳಿ ತಂದು ಒಮ್ಮೆ ಅಲ್ಲಾಡಿಸಿದರೆ, ಒಳಗೆ ಚಿಪ್ಪಿನಿಂದ ಬಿಟ್ಟುಕೊಂಡ ಉಂಡೆ ಮಾತಾಡುತ್ತದೆ. ನೀರು ಪೂರ್ತಿ ಇಂಗಿದೆಯೋ, ಇನ್ನೂ ಸ್ವಲ್ಪ ಹಸಿಯಿದೆಯೋ, ಅವನಿಗೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು.

ಕಂದಿಕೆರೆಯಿಂದ ಹುಡುಗನಾಗಿದ್ದಾಗ ಬಂದು ತೋಂಟದಾರ್ಯರ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಸೇರಿದವನು ಅಲ್ಲೇ ಉಳಿದ. ಮದುವೆಯ ಮಾತು ಎರಡು ಮೂರು ಕಡೆಯಿಂದ ಬಂದು, ಯಾರೂ ಬಲವಂತ ಮಾಡದೆ, ತಾನೇ ತಣ್ಣಗಾಯಿತು. ಗೋದಾಮಿನ ಮೇಲಿನ ಒಂದು ಕೋಣೆ ಅವನ ಮನೆ. ಕೆಳಗಿಂದ ಕೊಬ್ಬರಿಯ ಎಣ್ಣೆ ವಾಸನೆ ಹತ್ತಿಕೊಂಡು ಬರುತ್ತಿತ್ತು. ಮೂಟೆಗಳು ಖಾಲಿಯಾಗಿ ಅದು ಹೋದ ದಿನ ಮಾತ್ರ ಅವನಿಗೆ ವಾಸನೆ ಇತ್ತೆಂದು ತಿಳಿಯುತ್ತಿತ್ತು.

ಇಂಥವನು ವಿಮಾನ ಹತ್ತಿದ್ದು ಜಗಳದಿಂದ. ತಿಪಟೂರಿನ ಉಂಡೆ ಕೊಬ್ಬರಿ ಲಾರಿಯಲ್ಲಿ ದೆಹಲಿಗೆ ಹೋಗುತ್ತದೆ. ಅಲ್ಲಿನ ವ್ಯಾಪಾರಿ ಒಮ್ಮೊಮ್ಮೆ ‘ಮಾಲು ಸ್ಯಾಂಪಲ್ಲಿನಂತಿಲ್ಲ’ ಎಂದು ಮೂಟೆ ಇಳಿಸಿಕೊಳ್ಳದೆ ನಿಲ್ಲಿಸಿಬಿಡುತ್ತಾನೆ. ಆಗ ತೋಂಟದಾರ್ಯರು, “ಪರಮಶಿವ, ಹೋಗಿ ಬಾರಯ್ಯ” ಎನ್ನುತ್ತಿದ್ದರು. ರೈಲು ತಲುಪುವಷ್ಟರಲ್ಲಿ ನಿಂತ ಲಾರಿಯ ಬಾಡಿಗೆ ಏರುತ್ತದೆಂದು ವಿಮಾನ. ಅವನು ಹೋಗಿ, ಮೂಟೆ ಬಿಚ್ಚಿಸಿ, ನಾಲ್ಕು ಉಂಡೆ ಒಡೆದು ತೋರಿಸಿ, ಸರಿಯಿಲ್ಲದ್ದನ್ನು ತಾನೇ ಬೇರೆ ಮಾಡಿ ಲಾರಿಯಲ್ಲಿ ವಾಪಸ್ಸು ಕಳಿಸುತ್ತಿದ್ದ. ಸರಿಯಿಲ್ಲದ ಮಾಲನ್ನು ಹಿಂತಿರುಗಿಸಬೇಕು, ಹಿಂತಿರುಗಿಸಿದ್ದನ್ನು ಮಾತಿಲ್ಲದೆ ತೆಗೆದುಕೊಳ್ಳಬೇಕು. ಅವನು ಕಲಿತ ವ್ಯಾಪಾರ ಇಷ್ಟೇ.

ಹರಿಕಿಶನ್ ಸಿಕ್ಕಿದ್ದು ಹಾಗೆ. ದೆಹಲಿಯ ಆ ಅಂಗಡಿಯ ಗುಮಾಸ್ತ, ಎದುರು ಪಕ್ಷದವನು. ಹಗಲೆಲ್ಲ ಒಂದೊಂದು ಉಂಡೆಗೂ ವಾದ ಮಾಡಿ, ಸಂಜೆ ಅಂಗಡಿಯ ಮಾಳಿಗೆಗೆ ಕರೆದೊಯ್ದು ಒಲೆಯ ಮುಂದೆ ಕೂರಿಸಿ ಚಹಾ ಕೊಡುತ್ತಿದ್ದ. ಪರಮಶಿವಯ್ಯನ ಹಿಂದಿ ಮಾರುಕಟ್ಟೆಯ ಹಿಂದಿ. ದರ, ತೂಕ, ತೇವ ಇವಿಷ್ಟಕ್ಕೆ ಸಾಲುವಂಥದು. ಆದರೂ ಆ ಮಾಳಿಗೆಯ ಮೇಲೆ ಅವನು ಆಡಿದಷ್ಟು ಮಾತನ್ನು ಕನ್ನಡದಲ್ಲಿ ಯಾರೊಂದಿಗೂ ಆಡಿದವನಲ್ಲ. ಹೊರಡುವಾಗ ಹರಿಕಿಶನ್ ಪ್ರತಿಸಲವೂ ಹೇಳುತ್ತಿದ್ದ: “ದೇವರು ಬೇಗ ಇನ್ನೊಂದು ಜಗಳ ಹಚ್ಚಲಿ.”

ಮೈಲುಗಳ ವಿಷಯ ಶುರುವಾದದ್ದು ವಿಮಾನ ನಿಲ್ದಾಣದಲ್ಲಿ. ವಿಮಾನ ಕಂಪನಿಯ ಹುಡುಗಿಯೊಬ್ಬಳು ನಗುತ್ತಾ ಬಂದು ಅವನ ಹೆಸರು, ಫೋನ್ ನಂಬರು ಬರೆದುಕೊಂಡು, ಇನ್ನು ಹಾರಿದ ಪ್ರತಿಸಲವೂ ನಿಮ್ಮ ಖಾತೆಗೆ ಮೈಲು ಸೇರುತ್ತದೆ, ಸಾಕಷ್ಟಾದರೆ ಪುಕ್ಕಟೆ ಹಾರಬಹುದು ಎಂದಳು. ಟಿಕೆಟ್ಟಿನ ದುಡ್ಡು ಮಂಡಿಯದ್ದು, ಮೈಲೂ ಮಂಡಿಯದ್ದೇ ಎಂದು ಅವನು ತೋಂಟದಾರ್ಯರ ಮುಂದೆ ಹೇಳಿದಾಗ ಅವರು ಜೋರಾಗಿ ನಕ್ಕರು.

“ಹಾರಿದ್ದು ನೀನು ಕಣಯ್ಯ. ನಾನು ಇಲ್ಲಿ ಕೂತಿದ್ದೆ. ಇಟ್ಕೋ ಬುಡು.”

ಆಮೇಲೆ ಜಗಳಗಳೂ ಫೋನಿಗೆ ಬಂದವು. ತೋಂಟದಾರ್ಯರ ಮಗ ಕೂತಲ್ಲಿಂದಲೇ ವಿಡಿಯೋದಲ್ಲಿ ಉಂಡೆ ನೋಡಿ, ಅಲ್ಲಿಯೇ ಇತ್ಯರ್ಥ ಮಾಡುತ್ತಿದ್ದ. ಪರಮಶಿವಯ್ಯನನ್ನು ಹೋಗಿ ಬಾ ಎನ್ನುವವರು ಇರಲಿಲ್ಲ. ಹೋಗಬೇಡ ಎಂದವರೂ ಇಲ್ಲ.

ಅವನಿಗೆ ಆಗೀಗ ಬರೆಯುತ್ತಿದ್ದುದು ವಿಮಾನ ಕಂಪನಿಯೊಂದೇ. ‘ಪ್ರಿಯ ಪರಮಶಿವಯ್ಯ, ನಿಮ್ಮನ್ನು ನೋಡಿ ಬಹಳ ದಿನವಾಯಿತು.’ ಇಂಗ್ಲಿಷಿನ ಆ ಮೆಸೇಜನ್ನು ಓದಿ ಹೇಳುತ್ತಿದ್ದವಳು ಜೀವಿತಾ. ಬಸ್‌ಸ್ಟ್ಯಾಂಡಿನ ಹಿಂದೆ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟವಳು. ಮಂಡಿಯ ವಿಮಾನದ ಟಿಕೆಟ್ಟುಗಳನ್ನೆಲ್ಲ ಅವಳೇ ಮಾಡಿಕೊಟ್ಟಿದ್ದಳು.

“ದೊಡ್ಡಪ್ಪ, ಈ ಮೈಲು ಸುಮ್ನೆ ಬಿದ್ದಿರಂಗಿಲ್ಲ,” ಎಂದು ಅವಳೇ ಒಮ್ಮೆ ವಿವರಿಸಿದ್ದಳು. “ಮೂರು ವರ್ಷ ಖಾತೆಗೆ ಏನೂ ಸೇರ್ದೆ, ಏನೂ ಖರ್ಚಾಗ್ದೆ ಇದ್ರೆ ಅಷ್ಟೂ ಹೋಯ್ತು. ಒಂದು ಹತ್ತು ಮೈಲು ಒಳಗೋ ಹೊರಗೋ ಆಡಿದ್ರೂ ಸಾಕು, ಎಲ್ಲಾದಕ್ಕೂ ಮತ್ತೆ ಮೂರು ವರ್ಷ ಆಯುಸ್ಸು.”

“ಹಾರ್ಲೇಬೇಕಾ?”

“ಹಾರೋದೇ ಬೇಡ. ಆ ಕಂಪನಿಯ ಕಾರ್ಡಿದ್ರೆ, ಅವರ ಹೋಟ್ಲಲ್ಲಿ ಇಳಿದ್ರೆ, ಅವರ ಪುಟದ ಮೂಲಕ ಹೋಗಿ ಏನಾದ್ರೂ ಕೊಂಡ್ರೆ ಸಾಕು.”

ಆ ಸಲ ಅವಳ ಕಂಪ್ಯೂಟರಿನಲ್ಲಿ ವಿಮಾನ ಕಂಪನಿಯ ಪುಟ ತೆರೆದು, ಅಲ್ಲಿಂದ ಅಂಗಡಿಯೊಂದಕ್ಕೆ ಹೋಗಿ ಒಂದು ಸ್ಟೀಲ್ ಫ್ಲಾಸ್ಕ್ ತರಿಸಿದರು. ಕೆಲವು ವಾರಗಳ ಮೇಲೆ ಚಿಲ್ಲರೆ ಮೈಲು ಬಂದು ಸೇರಿತು. ಖಾತೆ ಬದುಕಿತು. ಫ್ಲಾಸ್ಕ್ ಅವನ ಕೋಣೆಯ ಕಿಟಕಿಯಲ್ಲಿ ಕೂತಿತು. ಒಬ್ಬನಿಗೆ ಎಷ್ಟು ಚಹಾ ಬೇಕು? ಅದರಲ್ಲಿ ಏನನ್ನೂ ತುಂಬಿದ್ದಿಲ್ಲ.

ಮತ್ತೆ ಗಡುವು ಬಂತು. ಈ ಸಲ ಉಣ್ಣೆಯ ಮಫ್ಲರು. ದೆಹಲಿಯ ಚಳಿ ನೆನೆದು ಅವನೇ ಆರಿಸಿದ್ದು. ಬಂದ ಪೊಟ್ಟಣ ಬಿಚ್ಚಿದರೆ, ಚಿತ್ರದಲ್ಲಿ ದಪ್ಪಗಿದ್ದ ಮಫ್ಲರು ಕೈಯಲ್ಲಿ ತೆಳು ಅರಿವೆಯ ಹಾಗಿತ್ತು. ಬೆಳಕಿಗೆ ಹಿಡಿದು ನೋಡಿದ, ಬೆರಳು ಕಂಡಿತು. ಮಾಲು ಸ್ಯಾಂಪಲ್ಲಿನಂತಿರಲಿಲ್ಲ. ಎರಡನೆಯ ಯೋಚನೆಯೇ ಬರಲಿಲ್ಲ. ಮಂಡಿಯ ಗುಮಾಸ್ತರೊಬ್ಬರ ಕೈಯಲ್ಲಿ ಫೋನು ಒತ್ತಿಸಿ ವಾಪಸ್ಸು ಕಳಿಸಿದ. ದುಡ್ಡು ಸರಿಯಾಗಿ ಹಿಂದೆ ಬಂತು. ವ್ಯಾಪಾರ ಅಂದರೆ ಹೀಗಿರಬೇಕು ಎಂದುಕೊಂಡ.

ಕಾರ್ತಿಕದ ಒಂದು ಶನಿವಾರ ಫೋನಿಗೆ ಮೆಸೇಜು ಬಂತು. ಅವನು ಅದನ್ನು ಹಿಡಿದುಕೊಂಡು ಜೀವಿತಾಳ ಅಂಗಡಿಗೆ ನಡೆದ. ‘ನಿಮ್ಮನ್ನು ನೋಡಿ ಬಹಳ ದಿನವಾಯಿತು’ ಎಂಬುದೇ ಇರಬೇಕೆಂದು ಊಹಿಸಿದ್ದ.

ಅವಳು ಓದಿ ಹುಬ್ಬು ಗಂಟಿಕ್ಕಿದಳು. “ಸೋಮವಾರಕ್ಕೆ ಎಲ್ಲಾ ಮೈಲೂ ಹೋಗುತ್ತಂತೆ. ಅದೆಂಗೆ? ಮಫ್ಲರ್ ತರ್ಸಿದ್ವಲ್ಲ?”

“ವಾಪಸ್ ಕಳಿಸ್ದೆ ಕಣಮ್ಮ. ಸರಿ ಇರ್ಲಿಲ್ಲ.”

ಜೀವಿತಾ ಕುರ್ಚಿಗೆ ಒರಗಿಕೊಂಡಳು. “ಅಯ್ಯೋ ದೊಡ್ಡಪ್ಪ! ವಾಪಸ್ ಹೋದ್ರೆ ವ್ಯಾಪಾರನೇ ಆಗ್ಲಿಲ್ಲ ಅಂತ ಲೆಕ್ಕ. ಬರ್ಬೇಕಿದ್ದ ಮೈಲನ್ನ ಅವ್ರು ರದ್ದು ಮಾಡಿರ್ತಾರೆ. ನೀವು ಕತ್ತಿಗೆ ಸುತ್ಕೊಳ್ಳೋದು ಬೇಡ, ನೆಲ ಒರೆಸೋಕಾದ್ರೂ ಇಟ್ಕೋಬಾರ್ದಾ?”

“ಸರಿ ಇಲ್ದಿರೋ ಮಾಲನ್ನ ಇಟ್ಕೊಳೋದೆಂಗೆ?” ಎಂದ ಪರಮಶಿವಯ್ಯ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

“ಇನ್ನೊಂದು ಏನಾದ್ರೂ ತರ್ಸಾನ?” ಎಂದು ಅವನೇ ಕೇಳಿದ.

“ಈಗ ತರ್ಸಿದ್ರೆ ಮೈಲು ಸೇರೋಕೆ ವಾರಗಟ್ಟಲೆ ಬೇಕು. ಸೋಮವಾರದೊಳಗೆ ಎಲ್ಲಿ?” ಅವನ ಫೋನಿಗೆ ಬಂದ ಗುಟ್ಟಿನ ನಂಬರನ್ನು ಕೇಳಿ ಖಾತೆ ತೆರೆದಳು. ಪರದೆಯನ್ನು ಅವನತ್ತ ತಿರುಗಿಸಿದಳು. “ಎರಡೇ ದಾರಿ. ಒಂದು, ಐನೂರು ಮೈಲನ್ನ ದಾನ ಕೊಟ್ಬುಡೋದು. ಮಕ್ಕಳ ಆಸ್ಪತ್ರೆಗೆ ಅಂತ ಅವರದೇ ಪುಟದಲ್ಲಿದೆ. ತಕ್ಷಣ ಕಳೀತದೆ, ಖಾತೆ ಉಳೀತದೆ. ಆದ್ರೆ ದೆಹಲಿ ಟಿಕೆಟ್ಟಿಗೆ ಬೇಕಾದ ಮೈಲಿಗಿಂತ ನಿಮ್ಮ ಹತ್ರ ಇರೋದು ಒಂಚೂರೇ ಜಾಸ್ತಿ. ಐನೂರು ಕೊಟ್ರೆ ಟಿಕೆಟ್ಟಿಗೆ ಸಾಲಲ್ಲ.”

“ಆಮೇಲೆ ತುಂಬಿಸ್ಕೊಂಡ್ರೆ?”

“ಈ ಕಂಪನಿ ದುಡ್ಡಿಗೆ ಮೈಲು ಮಾರಲ್ಲ. ಫ್ಲಾಸ್ಕ್ ಕೊಂಡು ತುಂಬಿಸ್ತೀನಿ ಅಂದ್ರೆ ಗೋದಾಮು ತುಂಬಾ ಫ್ಲಾಸ್ಕೇ ಇಡ್ಬೇಕು.” ಅವಳು ನಕ್ಕಳು, ಅವನು ನಗಲಿಲ್ಲವೆಂದು ನಿಲ್ಲಿಸಿದಳು. “ಎರಡನೇದು, ಟಿಕೆಟ್ ತಗೊಳೋದು. ಸೋಮವಾರದೊಳಗೆ ಬುಕ್ ಆದ್ರೆ ಸಾಕು, ಹಾರೋದು ಮುಂದಿನ ತಿಂಗಳೂ ಆಗ್ಬೋದು. ಹೋಗೋದಕ್ಕೆ ಮಾತ್ರ ಸಾಲ್ತದೆ. ಟ್ಯಾಕ್ಸು ಕೈಯಿಂದ ಕಟ್ಬೇಕು. ವಾಪಸ್ ಬರೋಕೆ ರೈಲು.”

ಪರಮಶಿವಯ್ಯ ಪರದೆಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅವನು ಕಾಪಾಡಿಕೊಂಡು ಬಂದದ್ದು ಮೈಲುಗಳನ್ನಲ್ಲ. ಮನಸ್ಸು ಮಾಡಿದರೆ ಹರಿಕಿಶನನ ಮಾಳಿಗೆಗೆ ಹೋಗಬಹುದು ಎಂಬುದನ್ನು. ಅಟ್ಟದ ಮೇಲಿನ ಕಾಯಿಯಂತೆ ಅದನ್ನು ಮೇಲಿಟ್ಟು ಒಣಗಲು ಬಿಟ್ಟಿದ್ದ. ಇಳಿಸುವ ದಿನ ಯಾವುದೆಂದು ಯೋಚಿಸಿರಲಿಲ್ಲ.

“ಅಲ್ಲಿ ಯಾರಾದ್ರೂ ಇದಾರಾ ದೊಡ್ಡಪ್ಪ?” ಜೀವಿತಾ ಮೆಲ್ಲಗೆ ಕೇಳಿದಳು.

“ಒಂದು ಫೋನ್ ಮಾಡ್ತೀನಿ ತಡಿ.”

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ. ತುರುವೇಕೆರೆ ಬಸ್ಸು ಮಾಯಸಂದ್ರ, ಮಾಯಸಂದ್ರ ಎಂದು ಕೂಗಿಸಿಕೊಂಡು ಹೋಯಿತು. ಫೋನು ಎತ್ತಿದವಳು ಹರಿಕಿಶನನ ಸೊಸೆ. ಮಾವನವರು ಈಗ ಅಂಗಡಿಗೆ ಹೋಗುವುದಿಲ್ಲ, ಕಾಲು ನೋವು ಎಂದು ಹೇಳಿ, “ಯಾರು?” ಎಂದಳು. ತಿಪಟೂರಿನವನು ಎಂದ. ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು.

“ಪರಮಶಿವ! ಮಾಲು ಹೇಗಿದೆ?” ಹರಿಕಿಶನನ ದನಿ ದೊಡ್ಡದಾಗಿತ್ತು, ಕಿವಿ ಮಂದವಾದವರ ದನಿಯಂತೆ.

ಮಾಲು ಚೆನ್ನಾಗಿದೆ ಎಂದ ಪರಮಶಿವಯ್ಯ. ದರ ಹೇಳಿದ. ಈ ಸಲ ಕಾಯಿ ಸಣ್ಣದು ಎಂದೂ ಹೇಳಿದ. ಹೇಳಬೇಕಾದ ಹಿಂದಿಯೆಲ್ಲ ಮುಗಿಯಿತು.

“ನಾನು ಬರ್ತೀನಿ,” ಎಂದ.

“ಜಗಳ ಹತ್ತಿದೆಯಾ?”

“ಇಲ್ಲ.”

“ಜಗಳ ಇಲ್ಲದೆ ಯಾಕೆ ಬರ್ತೀಯ?”

ಪರಮಶಿವಯ್ಯ ಮರದ ತೊಗಟೆಯನ್ನು ಉಗುರಿನಿಂದ ಕೆರೆದ. ಕೆಲಸವಿಲ್ಲದೆ ಅವನು ಎಲ್ಲಿಗೂ ಹೋದವನಲ್ಲ. ಕೆಲಸವಿಲ್ಲದೆ ಹೋಗುವವನು ಏನು ಹೇಳಬೇಕೆಂಬುದು ಯಾವ ಭಾಷೆಯಲ್ಲೂ ಅವನಿಗೆ ಗೊತ್ತಿರಲಿಲ್ಲ.

“ಸ್ಯಾಂಪಲ್ ತರ್ತೀನಿ. ವಿಮಾನದಲ್ಲಿ.”

ಹೇಳಿದ ಮೇಲೆ ತಪ್ಪು ಹೊಳೆಯಿತು. ಪರಮಶಿವಯ್ಯನಿಗೆ ಕಿವಿ ಬಿಸಿಯಾಯಿತು. ಮೊದಲ ಸಲ ಹೋದಾಗಲೇ ನಿಲ್ದಾಣದಲ್ಲಿ ಅವನ ಚೀಲ ಬಿಚ್ಚಿಸಿ, ಕೊಬ್ಬರಿಗೆ ಬೆಂಕಿ ಹೊತ್ತುವ ಗುಣವಿದೆ, ವಿಮಾನದಲ್ಲಿ ಬಿಡುವುದಿಲ್ಲ ಎಂದು ಅಷ್ಟೂ ಉಂಡೆ ತೆಗೆಸಿಟ್ಟಿದ್ದರು. ಆ ಕತೆ ಹೇಳಿ ಇಬ್ಬರೂ ಮಾಳಿಗೆಯ ಮೇಲೆ ಎಷ್ಟು ಸಲ ನಕ್ಕಿದ್ದರೋ.

“ವಿಮಾನದಲ್ಲಿ ಕೊಬ್ಬರಿ ಬಿಡೋದಿಲ್ಲವಲ್ಲೋ,” ಎಂದ ಹರಿಕಿಶನ್. ದನಿ ಸಣ್ಣದಾಗಿತ್ತು. “ನಾನು ಅಂಗಡಿ ಬಿಟ್ಟು ವರ್ಷವಾಯಿತು. ಯಾರಿಗೆ ತೋರಿಸ್ತೀಯ?”

“ನಿನಗೆ.”

ಹರಿಕಿಶನ್, “ಚಳಿ ಜಾಸ್ತಿ. ಏನಾದರೂ ಸುತ್ತಿಕೊಂಡು ಬಾ” ಎಂದು ಫೋನಿಟ್ಟ.

ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಜೀವಿತಾ ಅವನ ಮುಖ ನೋಡಿ, ಮೈಲಿಗೆ ಕೊಡುವ ಸೀಟು ಇರುವ ದಿನಗಳನ್ನು ಹುಡುಕತೊಡಗಿದಳು. ಎಲ್ಲ ದಿನವೂ ಇರಲಿಲ್ಲ. ಡಿಸೆಂಬರಿನ ಒಂದು ಬುಧವಾರ ಇತ್ತು, ಬೆಳಗಿನ ವಿಮಾನ. ಗುಟ್ಟಿನ ನಂಬರು ಮತ್ತೆ ಬಂತು. ಅವನು ಒಂದೊಂದೇ ಅಂಕಿ ಓದಿ ಹೇಳಿದ. ಟ್ಯಾಕ್ಸಿನ ದುಡ್ಡು ಎಣಿಸದೆ ಕೊಟ್ಟ.

“ಆಯ್ತು,” ಎಂದಳು. “ಖರ್ಚಾದ್ರೂ ಖಾತೆ ಆಡ್ದಂಗೇ ಲೆಕ್ಕ. ಉಳಿದಿರೋ ಚಿಲ್ಲರೆ ಮೈಲಿಗೂ ಇನ್ನು ಮೂರು ವರ್ಷ ಭಯ ಇಲ್ಲ. ದೊಡ್ಡಪ್ಪ, ಕಾಲಿಗೆ ಬೀಳ್ತೀನಿ, ಇದನ್ನೂ ವಾಪಸ್ ಕಳಿಸ್ಬೇಡಿ.”

“ಇಲ್ಲ ಕಣಮ್ಮ.”

ಮಂಡಿಗೆ ಬಂದಾಗ ದಂಡಿನಶಿವರದ ಕಡೆಯ ಮಾಲು ಇಳಿದಿತ್ತು. ಅಭ್ಯಾಸದಂತೆ, ಇನ್ನೂ ಸುಲಿಯದ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಚೆನ್ನಾಗಿ ಒಣಗಿದ ಉಂಡೆ. ಅದನ್ನು ಮತ್ತೆ ರಾಶಿಯ ಮೇಲೆ ಇಟ್ಟ. ದೆಹಲಿಗೆ ಈ ಸಲ ಒಯ್ಯುವುದಕ್ಕೆ ಏನೂ ಇರಲಿಲ್ಲ. ಮೆಟ್ಟಿಲು ಹತ್ತಿ ಕೋಣೆಗೆ ಹೋಗಿ, ಕಿಟಕಿಯಲ್ಲಿದ್ದ ಫ್ಲಾಸ್ಕನ್ನು ಇಳಿಸಿ, ಧೂಳು ಒರೆಸಿ, ಮುಚ್ಚಳ ತಿರುಗಿಸಿದ. ಇಷ್ಟು ದಿನ ಗಮನಿಸಿರಲಿಲ್ಲ; ಮುಚ್ಚಳದೊಳಗೆ ಎರಡು ಲೋಟಗಳಿದ್ದವು.