ಕೊಳವೆಯ ಬಾಯಿಗೆ ಕಟ್ಟಿದ ಬಟ್ಟೆ

ಬಿಸಿಲಿಗೆ ಬರವಿಲ್ಲದ ಊರಿನಲ್ಲಿ ಬಟ್ಟೆ ಒಣಗಿಸಲು ಯಂತ್ರ ತಂದವರನ್ನು ಕಂಡರೆ ನನ್ನ ಅತ್ತೆಗೆ ನಗು ಬರುತ್ತಿತ್ತು. "ಸೂರ್ಯಪ್ಪ ಕೂಲಿ ಕೇಳ್ತಾನಾ? ಇವರಿಗೆ ದುಡ್ಡು ಹೆಚ್ಚಾಗೈತೆ," ಅನ್ನುತ್ತಿದ್ದಳು. ಯುದ್ಧದ ಕಾಲ ಅದು. ದೊಡ್ಡಬಳ್ಳಾಪುರದ ಅಂಚಿನ ಮಾವಿನ ತೋಪಿನಲ್ಲಿ ಗಾಯಗೊಂಡ ಸಿಪಾಯಿಗಳಿಗಾಗಿ ಒಂದು ಆಸ್ಪತ್ರೆ ಎದ್ದಿತ್ತು. ಹಾಸಿಗೆ ಬಟ್ಟೆ, ಬ್ಯಾಂಡೇಜು, ಪೈಜಾಮ ರಾಶಿ ರಾಶಿ ಬರುತ್ತಿದ್ದವು. ಮಳೆ ಬಂತು, ಮೋಡ ಬಂತು ಎಂದು ಕಾಯುವ ಹಾಗಿರಲಿಲ್ಲ. ಹೀಗಾಗಿ ತೋಪಿನ ಗೋಡೆಗೆ ಒರಗಿದ ಉದ್ದನೆಯ ಕೊಟ್ಟಿಗೆಯೊಂದರಲ್ಲಿ ಆ ಯಂತ್ರ ಬಂದು ಕೂತಿತು. ಅದಕ್ಕೆ ತೆಂಗಿನ ಗರಿಯ ಮಾಡು.

ನಮ್ಮದು ಬಟ್ಟೆ ಒಗೆಯುವ ಮನೆತನ. ನನ್ನ ಗಂಡನಿಗೆ ಯೌವನದಲ್ಲೇ ಮೊಣಕಾಲು ಕೆಟ್ಟಿತ್ತು. ಒಂದು ಹೊತ್ತು ಕೆರೆಯ ನೀರಿನಲ್ಲಿ ನಿಂತರೆ ಸಾಕು, ಕಾಲು ಕುಂಬಳಕಾಯಿಯಂತೆ ಊದಿಕೊಂಡು ಮಾರನೆಯ ದಿನ ಗೋಡೆ ಹಿಡಿದು ನಡೆಯಬೇಕಾಗುತ್ತಿತ್ತು. ನೀರಿಗಿಳಿಯದ ಅಗಸನಿಗೆ ಯಾರು ಕೆಲಸ ಕೊಡುತ್ತಾರೆ? ಆಸ್ಪತ್ರೆಯವರು ಕೊಟ್ಟರು. ಒಣಗಿಸುವ ಯಂತ್ರ ನೋಡಿಕೊಳ್ಳುವುದು ಅವನ ಪಾಲಿಗೆ ಬಂತು. ಬಟ್ಟೆ ಮಡಿಸುವುದು ನನ್ನ ಪಾಲಿಗೆ, ಒಗೆಯುವ ತೊಟ್ಟಿ ಅತ್ತೆಯ ಪಾಲಿಗೆ. ಬೆಚ್ಚಗಿನ, ಒಣ ನೆಲದ ಮೇಲೆ ನಿಂತು ಅವನು ಕೆಲಸ ಮಾಡುವುದನ್ನು ನೋಡಿದಾಗ ನನಗಾದ ಸಮಾಧಾನ ಹೇಳತೀರದು. ಮದುವೆಯಾದ ಮೇಲೆ ಮೊದಲ ಸಲ ಅವನು ಕುಂಟದೆ ಮನೆಗೆ ಬಂದಿದ್ದ.

ಯಂತ್ರವೆಂದರೆ ಮೈಯೆಲ್ಲ ತೂತಿರುವ ದೊಡ್ಡ ಪೀಪಾಯಿ. ಒಳಗೆ ಹಿಂಡಿದ ಬಟ್ಟೆ ತುಂಬಿ ಬಾಗಿಲು ಹಾಕಿದರೆ ಅದು ಗಿರಗಿರನೆ ತಿರುಗುತ್ತಿತ್ತು. ಪಕ್ಕದಲ್ಲಿ ಸೀಮೆಎಣ್ಣೆಯ ಉರಿ. ಒಂದು ಫ್ಯಾನು ಆ ಬಿಸಿ ಗಾಳಿಯನ್ನು ಬಟ್ಟೆಯ ನಡುವೆ ಎಳೆದು, ತೇವದ ಸಮೇತ ತಗಡಿನ ಕೊಳವೆಯೊಳಗೆ ತಳ್ಳುತ್ತಿತ್ತು. ಕೊಳವೆ ಮಾಡಿನ ಹತ್ತಿರದವರೆಗೆ ಏರಿ, ಅಲ್ಲಿ ಮೊಣಕೈಯಂತೆ ಬಾಗಿ, ಗೋಡೆ ತೂರಿ ಆಚೆಗೆ ಬಾಯಿ ತೆರೆಯುತ್ತಿತ್ತು. ಬಟ್ಟೆ ತಿರುಗುವಾಗ ಉದುರುವ ನೂಲಿನ ಜುಂಗು ಹಿಡಿಯಲು ಫ್ಯಾನಿನ ಮುಂದೆ ಒಂದು ಜರಡಿ ಇತ್ತು. ಪ್ರತಿ ಸಲ ಬಟ್ಟೆ ತೆಗೆದ ಕೂಡಲೇ ನನ್ನ ಗಂಡ ಅದನ್ನು ಉಜ್ಜಿ ಚೊಕ್ಕಟ ಮಾಡುತ್ತಿದ್ದ. ಆದರೆ ಜರಡಿ ಎಷ್ಟೆಂದು ಹಿಡಿದೀತು? ನಯವಾದ ಜುಂಗು ಅದನ್ನೂ ದಾಟಿ ಹೋಗುತ್ತಿತ್ತು.

ಗೋಡೆಯ ಆಚೆ ನೇಕಾರರ ಬೀದಿ. ತೊಂದರೆ ಶುರುವಾದದ್ದು ಅಲ್ಲಿಂದ. ಅವರು ಬೆಳಿಗ್ಗೆ ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಿ ಒಣಗಿಸುತ್ತಿದ್ದರು. ಹಸಿ ಗಂಜಿಯ ನೂಲಿನ ಮೇಲೆ ನಮ್ಮ ಕೊಳವೆಯ ಜುಂಗು ಬಂದು ಕೂತರೆ ಮುಗಿಯಿತು, ಎಳೆ ಎಳೆ ಅಂಟಿಕೊಂಡು ಮಗ್ಗದಲ್ಲಿ ತುಂಡಾಗುತ್ತಿದ್ದವು. ಆ ಬೀದಿಯ ಮನೆಗಳು ತಲೆಮಾರಿನಿಂದ ನಮ್ಮ ವರ್ತನೆಯ ಮನೆಗಳು. ಅವರ ಬಟ್ಟೆ ನಮ್ಮವರೇ ಒಗೆಯಬೇಕು, ಅವರ ಮನೆಯ ಮದುವೆಗೆ ಮದುಮಕ್ಕಳ ಕಾಲಡಿ ನಮ್ಮವರೇ ನಡೆಮಡಿ ಹಾಸಬೇಕು, ಹಬ್ಬದ ಅನ್ನ ನಮಗೆ ಅವರೇ ಕೊಡಬೇಕು. ಆಸ್ಪತ್ರೆ ಇವತ್ತು ಬಂದದ್ದು, ನಾಳೆ ಹೋಗುವಂಥದ್ದು. ವರ್ತನೆ ಹಾಗಲ್ಲ ಎಂದು ಅತ್ತೆಯ ಲೆಕ್ಕ.

ಒಂದು ದಿನ ಬೀದಿಯ ಯಜಮಾನರು ನಮ್ಮ ಮನೆ ಮುಂದೆ ಬಂದು ನಿಂತರು. ಮಾತು ಮೆತ್ತಗೆ, ಆದರೆ ಮುಖ ಬಿಗಿದಿತ್ತು.

"ಏನವ್ವಾ, ನಿಮ್ಮ ಮಿಷಿನ್ನು ನಮ್ಮ ಅನ್ನಕ್ಕೆ ಮಣ್ಣು ಹಾಕ್ತಾ ಐತಲ್ಲ. ಆಸ್ಪತ್ರೆಯೋರತ್ರ ನಾವು ಮಾತಾಡಕ್ಕಾಗ್ತದಾ? ಆ ಬಾಯಿಗೆ ಒಂದು ಬಟ್ಟೆ ಕಟ್ಟಿಬಿಡು. ನಿನ್ನ ಕೈಲಾಗದ್ದೇನು?"

"ಆಗ್ಲಿ ಬುದ್ಧಿ. ನಾಳೆಯಿಂದ ಒಂದು ಜುಂಗೂ ಬೀಳಾಕಿಲ್ಲ," ಎಂದಳು ಅತ್ತೆ.

ಮಾರನೆಯ ದಿನವೇ ಬೀದಿಯ ಕಡೆಯಿಂದ ಏಣಿ ಹಾಕಿ ಕಟ್ಟಿದಳು. ಒಳ್ಳೆಯ ಬಿಳಿ ಬಟ್ಟೆ, ಚೆನ್ನಾಗಿ ನೇಯ್ದದ್ದು. ಹರಕು ಬಟ್ಟೆ ಕಟ್ಟುವುದು ಅವಳ ಜಾಯಮಾನವಲ್ಲ. ಸಂಜೆ ಬಿಚ್ಚಿ, ಕೊಡವಿ, ಒಗೆದು, ಬೆಳಿಗ್ಗೆ ಮತ್ತೆ ಕಟ್ಟುತ್ತಿದ್ದಳು. ಬೀದಿಯಲ್ಲಿ ಜುಂಗು ನಿಂತಿತು. ಯಜಮಾನರ ಮನೆಯಿಂದ ಒಂದು ಮೊರ ತುಂಬ ಅವರೆಕಾಯಿ ಬಂತು. ಅತ್ತೆಯ ನಡಿಗೆಯೇ ಬದಲಾಯಿತು ಅನ್ನಿ.

ಮಳೆಗಾಲ ಹಿಡಿದ ಹಾಗೆ ಯಂತ್ರ ಮಂಕಾಗುತ್ತಾ ಬಂತು. ಒಂದು ಹಾಡು ಹೇಳಿ ಮುಗಿಸುವಷ್ಟರಲ್ಲಿ ಒಣಗುತ್ತಿದ್ದ ಪೈಜಾಮಗಳು ಊಟದ ಹೊತ್ತಾದರೂ ಒಣಗುತ್ತಿರಲಿಲ್ಲ. ವಿಚಿತ್ರವೆಂದರೆ ಬಟ್ಟೆ ಕೈ ಸುಡುವಷ್ಟು ಬಿಸಿ, ಆದರೆ ಮಡಿಸಲು ಹೋದರೆ ಹಸಿ. ಹೊಲಿಗೆಯ ಹತ್ತಿರ ಹಿಂಡಿದರೆ ನೀರೇ ಬರುವ ಹಾಗಿರುತ್ತಿತ್ತು. ಪೀಪಾಯಿಯ ಬಾಗಿಲು ಬೆವರುತ್ತಿತ್ತು, ಕೊಟ್ಟಿಗೆಯೆಲ್ಲ ಹಬೆ. ಯಂತ್ರದ ಹೊರಮೈ ಮುಟ್ಟಿದರೆ ಬೊಬ್ಬೆ ಏಳುವಂತಿತ್ತು.

ಮೇಲ್ವಿಚಾರಕರು ತಮಿಳು ಸೀಮೆಯ ನಿವೃತ್ತ ಹವಾಲ್ದಾರರು. ಅವರಿಗೆ ಕಾರಣ ಆಗಲೇ ಗೊತ್ತಿತ್ತು, ನನ್ನ ಗಂಡ ಸೋಮಾರಿ ಅಂತ.

"ಏನಪ್ಪಾ, ಉರಿ ಸಣ್ಣ ಮಾಡಿಕೊಂಡು ತೂಕಡಿಸ್ತೀಯಾ? ವಾರ್ಡಿನಲ್ಲಿ ಹಾಸಿಗೆಗೆ ಬಟ್ಟೆ ಇಲ್ಲ. ಹೀಗೇ ಆದ್ರೆ ಬೇರೆಯವನನ್ನ ಹಾಕ್ತೀನಿ. ನೀನು ಕೆರೆಗೇ ಹೋಗು."

ಕೆರೆ ಎಂಬ ಮಾತು ಕೇಳಿ ನಾನು ಮಡಿಸುತ್ತಿದ್ದ ಬಟ್ಟೆ ಬಿಟ್ಟು ಎದ್ದು ನಿಂತೆ. ಗಂಡ ಮಾತ್ರ, "ಇಲ್ಲ ಸಾರ್, ಮಾಡ್ತೀನಿ ಸಾರ್," ಎಂದ. ಬಟ್ಟೆ ಕಡಿಮೆ ತುಂಬಿ ನೋಡಿದ. ಜರಡಿಯನ್ನು ಎರಡೆರಡು ಸಲ ಉಜ್ಜಿದ. ಕಡೆಗೆ ಅವರು ಹೇಳಿದ ಹಾಗೆ ಉರಿಯನ್ನೂ ದೊಡ್ಡದು ಮಾಡಿದ. ಬಿಸಿ ಹೆಚ್ಚಾಯಿತೇ ಹೊರತು ತೇವ ಹೋಗಲಿಲ್ಲ. ಹೋಗುವ ದಾರಿಯೇ ಮುಚ್ಚಿದ್ದರೆ ಎಲ್ಲಿಗೆ ಹೋದೀತು?

ನನಗೆ ಆ ಬಟ್ಟೆಯ ಮೇಲೆ ಅನುಮಾನ ಬಂದಿತ್ತು. ಒಂದು ಸಂಜೆ ಅತ್ತೆಗೆ ಹೇಳಿಯೇ ಬಿಟ್ಟೆ.

"ಅತ್ತೆಮ್ಮ, ಬಾಯಿ ಕಟ್ಟಿದ್ರೆ ಯಾರಿಗಾದ್ರೂ ಉಸಿರಾಡಕ್ಕಾಗ್ತದಾ? ಬಿಚ್ಚಿಬಿಡಿ."

ಅವಳು ಒಗೆದ ಬಟ್ಟೆಯನ್ನು ನನ್ನ ಮುಖದ ಮುಂದೆ ಹಿಡಿದಳು. "ನೋಡೇ, ಕಣ್ಣು ಬಿಟ್ಟು ನೋಡು. ಒಂದು ಎಳೆ ಜುಂಗು ಐತಾ ಇದ್ರಾಗೆ? ನಾನು ದಿನಾ ಒಗೀತೀನಿ. ನನ್ನ ಮಡೀಗೆ ಹೆಸರಿಡ್ತೀಯಾ ನೀನು?"

"ಅವ್ವ ಹೇಳೋದು ಸರಿ ಕಣೇ," ಎಂದ ಗಂಡ. "ಬಟ್ಟೆ ಚೊಕ್ಕಾಗೈತೆ. ಮಳೆಗಾಲದ ತೇವಕ್ಕೆ ಹಿಂಗಾಗ್ತಿರಬೇಕು."

ಅವಳು ಹೇಳಿದ್ದು ಸುಳ್ಳಲ್ಲ. ಬಟ್ಟೆ ಚೊಕ್ಕವೇ ಇತ್ತು, ಜರಡಿಯೂ ಚೊಕ್ಕವೇ. ನಮ್ಮ ಜನ ಕಣ್ಣಿಗೆ ಬಿಳುಪು ಕಂಡರೆ ಕೊಳೆ ಹೋಯಿತು ಎಂದು ನಂಬುವವರು. ಆದರೆ ಬಟ್ಟೆ ಅಡ್ಡ ಕಟ್ಟಿದ್ದರಿಂದ ಗಾಳಿಯ ರಭಸ ಕುಗ್ಗಿ, ಹಸಿ ಜುಂಗು ದಾರಿಯಲ್ಲೇ ಕೊಳವೆಯ ಮೊಣಕೈಯಲ್ಲಿ ಕೂತು, ಒಂದರ ಮೇಲೊಂದು ಗಟ್ಟಿಯಾಗಿತ್ತು. ಅದರಿಂದ ಗಾಳಿ ಇನ್ನೂ ಕುಗ್ಗಿ, ಇನ್ನಷ್ಟು ಜುಂಗು ಕೂತಿತ್ತು. ಆ ಬಾಗಿನ ಒಳಕ್ಕೆ ಯಾರ ಕೈಯೂ ಹೋಗುತ್ತಿರಲಿಲ್ಲ, ಯಾರ ಕಣ್ಣೂ ಹೋಗಿರಲಿಲ್ಲ.

ಬೆಂಕಿ ಬಿದ್ದದ್ದು ಹಾಡುಹಗಲಿನಲ್ಲಿ. ನಾನು ಹಾಸಿಗೆ ಬಟ್ಟೆ ಮಡಿಸುತ್ತಿದ್ದೆ. ಸೀದ ವಾಸನೆ ಬಂತು. ತಲೆ ಎತ್ತುವಷ್ಟರಲ್ಲಿ ಪೀಪಾಯಿಯ ಬಾಗಿಲ ಸಂದಿನಿಂದ ಹೊಗೆ ಕೊಟ್ಟಿಗೆಯೊಳಕ್ಕೇ ನುಗ್ಗುತ್ತಿತ್ತು. ಗಂಡ ಓಡಿ ಉರಿ ಆರಿಸಿದ, ಫ್ಯಾನು ನಿಲ್ಲಿಸಿದ. ಬಾಗಿಲು ತೆಗೆಯಲು ಹೋದ ನನ್ನನ್ನು, "ತೆಗೀಬ್ಯಾಡ! ಗಾಳಿ ಸಿಕ್ಕಿದ್ರೆ ಹತ್ಕೊಳ್ತದೆ!" ಎಂದು ತಳ್ಳಿದ. ಆಗ ಮೇಲೆ ನೋಡಿದೆವು. ಕೊಳವೆಯ ಮೊಣಕೈ ಕುಲುಮೆಯಲ್ಲಿಟ್ಟ ಕಬ್ಬಿಣದಂತೆ ಕೆಂಪಾಗಿತ್ತು. ಅದರ ಮೇಲೆ ಒಂದು ಮೊಳದಷ್ಟು ಎತ್ತರದಲ್ಲಿ ಗರಿಯ ಮಾಡು.

ಮಾಡು ಹತ್ತಿಕೊಂಡರೆ ಪಕ್ಕದ್ದೇ ವಾರ್ಡು. ಎದ್ದು ಓಡಲಾರದವರು ಅಲ್ಲಿ ಮಲಗಿದ್ದರು. ಅವನು ಬುಟ್ಟಿಯೊಂದನ್ನು ಬೋರಲು ಹಾಕಿ ಹತ್ತಿದ. ಒದ್ದೆ ಟವಲು ಕೈಗೆ ಸುತ್ತಿಕೊಂಡಿದ್ದ, ಅದು ಜಾರಿ ಬಿತ್ತು. ಬರಿಗೈಯಲ್ಲೇ ಕೊಳವೆಯ ಕೀಲನ್ನು ಹಿಡಿದು ಜಗ್ಗಿದ. ಅವನ ಬಾಯಿಂದ ಬಂದ ಸದ್ದನ್ನು ನಾನು ಇಲ್ಲಿ ಬರೆಯಲಾರೆ. ಕೊಳವೆ ಕಳಚಿ ನೆಲಕ್ಕೆ ಬಿತ್ತು. ಅದರೊಳಗಿಂದ ಉರುಳಿದ್ದು ದಿಂಬಿನಷ್ಟು ದಪ್ಪದ, ಕೆಂಡವಾದ ಜುಂಗಿನ ಗಂಟು. ನಾನೂ ಅತ್ತೆಯೂ ತೊಟ್ಟಿಯ ಒದ್ದೆ ಬಟ್ಟೆಗಳನ್ನು ತಂದು ತಂದು ಅದರ ಮೇಲೆ ಹೇರಿದೆವು. ಮಾಡಿನ ಅಂಚು ಒಂದಿಷ್ಟು ಕಪ್ಪಾಗಿ ನಿಂತಿತು. ಗೋಡೆಯಾಚೆ ಬಾಯಿಗೆ ಕಟ್ಟಿದ್ದ ಬಟ್ಟೆ ಉರಿದು, ಅದರ ಚೂರುಗಳು ಹಾರಿ ಯಜಮಾನರ ಮನೆಯ ಹಾಸಿನ ಮೇಲೆಯೇ ಬಿದ್ದವು.

ಸಂಜೆಗೆ ಆಸ್ಪತ್ರೆಯ ಸಾಹೇಬರು ಬಂದರು. ಗೋಡೆಯ ಬಾಯಲ್ಲಿ ಸುಟ್ಟು ಉಳಿದ ದಾರ ನೇತಾಡುತ್ತಿತ್ತು. ಯಾರು ಕಟ್ಟಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹವಾಲ್ದಾರರು ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಹಾಸು ಸುಟ್ಟ ದೂರು ಹೇಳಲು ಯಜಮಾನರೂ ಬಂದು ನಿಂತಿದ್ದರು.

"ನಾನೇ ಕಟ್ಟಿದ್ದು ಸ್ವಾಮಿ," ಎಂದಳು ಅತ್ತೆ.

"ಯಾರು ಹೇಳಿದ್ರು ನಿಂಗೆ?" ಎಂದರು ಹವಾಲ್ದಾರರು.

ಅತ್ತೆ ಯಜಮಾನರ ಕಡೆ ನೋಡಿದಳು. ನಾನೂ ನೋಡಿದೆ. ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, "ನಮಗೇನು ಗೊತ್ತು ಸ್ವಾಮಿ? ನಿಮ್ಮ ಮಿಷಿನ್ನಿನ ವಿಚಾರ ನಮಗ್ಯಾಕೆ?" ಎಂದರು.

ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಡಿದು ಅದುಮಿದಳು, ಬಳೆ ಒಡೆಯುವಷ್ಟು.

"ಅವರೇನೂ ಹೇಳಿಲ್ಲ ಸ್ವಾಮಿ. ನನ್ನ ಬುದ್ಧಿಗೆ ತೋಚಿದ್ದು ಮಾಡಿದೆ," ಎಂದಳು.

ತಾಯಿ ಕಟ್ಟಿದ್ದು ಗೊತ್ತಿದ್ದೂ ಮಗ ತಿಳಿಸಲಿಲ್ಲ ಎಂದು ಅವನ ಕೆಲಸ ಹೋಯಿತು, ಅವಳದೂ ಹೋಯಿತು. ನನ್ನನ್ನು ಮಾತ್ರ ಇಟ್ಟುಕೊಂಡರು. ಹೀಗಾಗಿ ರಿಪೇರಿಯನ್ನು ನಾನು ಕಣ್ಣಾರೆ ಕಂಡೆ. ಕೊಳವೆಯ ಬಾಗು ತೆಗೆದು ಅದನ್ನು ನೆಟ್ಟಗೆ ಗೋಡೆಯಾಚೆ ಬಿಟ್ಟರು. ಅಲ್ಲಿ ತಂತಿ ಬಲೆಯ ದೊಡ್ಡ ಪೆಟ್ಟಿಗೆ ಇಟ್ಟರು. ಗಾಳಿ ಸಲೀಸಾಗಿ ಹೋಗುತ್ತಿತ್ತು, ಜುಂಗು ಪೆಟ್ಟಿಗೆಯಲ್ಲಿ ಬೀಳುತ್ತಿತ್ತು. ದಿನಾ ಬಾಚಿ ತೆಗೆಯಲು ಒಂದು ಬಾಗಿಲು, ಕೊಳವೆಯ ಒಳಗೆ ಆಡಿಸಲು ಒಂದು ಉದ್ದನೆಯ ಕುಂಚ. ಅಷ್ಟೇ. ಬಾಯಿಬಿಟ್ಟು ಕೇಳಿದ್ದರೆ ಮೊದಲೇ ಮಾಡಿಕೊಡುತ್ತಿದ್ದರೋ ಏನೋ. ಯಜಮಾನರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಗಂಡನ ಅಂಗೈ ಮಾಯಲು ಬಹಳ ಕಾಲ ಹಿಡಿಯಿತು. ಮಾದ ಮೇಲೂ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಆ ಕೈಗಳಲ್ಲೇ ಅವನು ಮತ್ತೆ ಕೆರೆಗಿಳಿದ. ಮೊದಲ ದಿನ ಅತ್ತೆ ತಂದ ಗಂಟನ್ನು ಬಿಚ್ಚಿದರೆ ಮೇಲೆಯೇ ಯಜಮಾನರ ಮನೆಯ ಪಂಚೆ, ಸೀರೆ. ನನಗೆ ಮೈಯೆಲ್ಲ ಉರಿಯಿತು.

"ಇವರ ಬಟ್ಟೆ ನಿಮ್ಮ ಮಗನ ಕೈಲಿ ಒಗಿಸ್ತೀರಾ?" ಎಂದೆ.

ಅತ್ತೆ ಸೀರೆಯನ್ನು ತೆಗೆದು ನೀರಿಗದ್ದಿದಳು. ಮಗನೇ ಪಂಚೆಯನ್ನು ಎತ್ತಿಕೊಂಡು, ಹಿಡಿಯಲು ಬಾರದೆ ಮೊಣಕೈಗೆ ಸುತ್ತಿಕೊಂಡು, ಕಲ್ಲಿನ ಮೇಲೆ ಬಡಿಯತೊಡಗಿದ.