ಹದಿಮೂರೂವರೆ ಇಂಚು

ನಮ್ಮ ಚಿಕ್ಕಮ್ಮ ನಲವತ್ತು ವರ್ಷದಿಂದ ಬಟ್ಟೆ ಹೊಲಿಯುವವಳು. ಗಿರಾಕಿ ಎಷ್ಟೇ ಗಡಿಬಿಡಿ ಮಾಡಲಿ, ಎರಡು ಸಲ ಅಳೆಯದೆ ಕತ್ತರಿ ಹಾಕುವವಳಲ್ಲ. ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ಯಾರಾದರೂ ಸೀನಿದರೆ ಸಾಕು, ಅವರ ಯೋಚನೆ ನ್ಯುಮೋನಿಯಾದವರೆಗೆ ಹೋಗಿಬರುತ್ತದೆ.

ಹೋದ ವರ್ಷ ತಲೆಸುತ್ತು ಬಂತೆಂದು ಚಿಕ್ಕಮ್ಮನ ಕತ್ತಿನ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿದರು. ನಾಳಗಳು ಸರಿಯಾಗಿದ್ದವು. ಪಕ್ಕದ ಥೈರಾಯ್ಡ್ ಗ್ರಂಥಿಯಲ್ಲಿ ಮಾತ್ರ ಏಳು ಮಿಲಿಮೀಟರಿನ ಗಂಟೊಂದು ಕಂಡಿತು. ಸೂಜಿ ಹಾಕಿ ಪರೀಕ್ಷಿಸಿದಾಗ ಪ್ಯಾಪಿಲರಿ ಎಂಬ ಬಗೆಯ ಕ್ಯಾನ್ಸರ್ ಎಂದು ಬಂತು. ಆ ಪದ ಕೇಳಿದ್ದೇ ಚಿಕ್ಕಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕೂತರು.

ಆಪರೇಷನ್ ಮಾಡುವ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. "ಎರಡು ದಾರಿ ಇದೆ. ಈಗಲೇ ಅರ್ಧ ಗ್ರಂಥಿ ತೆಗೀಬಹುದು. ಧ್ವನಿಯ ನರಕ್ಕೆ ಪೆಟ್ಟಾಗೋದು ಅಪರೂಪ, ಆಗೋದೇ ಇಲ್ಲ ಅನ್ನಲ್ಲ. ಕೆಲವರಿಗೆ ಆಮೇಲೆ ದಿನಾ ಮಾತ್ರೆ ಬೇಕಾಗತ್ತೆ. ಇಲ್ಲಾಂದ್ರೆ ಕಾಯಬಹುದು. ನಿಮ್ಮ ಗಂಟು ಶ್ವಾಸನಾಳಕ್ಕೂ ನರಕ್ಕೂ ದೂರ ಇದೆ, ಎಲ್ಲೂ ಹರಡಿಲ್ಲ. ಇಂಥವು ಹೆಚ್ಚಿನವು ಬೆಳೆಯಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡೋಣ. ಮೂರು ಮಿಲಿಮೀಟರ್ ಬೆಳೆದ್ರೆ, ಇಲ್ಲಾ ಹರಡಿದ್ರೆ, ಆಗ ಆಪರೇಷನ್. ಆಗ ಮಾಡಿದ್ರೂ ಸಾಮಾನ್ಯವಾಗಿ ಅಷ್ಟೇ ಚೆನ್ನಾಗಿ ವಾಸಿಯಾಗತ್ತೆ."

"ಕಾಯ್ತೀನಿ," ಎಂದಳು ಚಿಕ್ಕಮ್ಮ.

ಅವಳ ಜೊತೆಗೆ ಚಿಕ್ಕಪ್ಪನೂ ಕಾಯಬೇಕು ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ಅವರು ಪ್ರತಿ ಭಾನುವಾರ ಅವಳದೇ ಟೇಪು ಹಿಡಿದು ಅವಳ ಕತ್ತು ಅಳೆದು ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು. ವಾರವಾರವೂ ಹದಿಮೂರು ಇಂಚು. ನಾಲ್ಕನೇ ತಿಂಗಳು, ಒಂದು ಭಾನುವಾರ, ಹದಿಮೂರೂವರೆ. ಮರುದಿನ ಚಿಕ್ಕಪ್ಪ ಅವಳ ಹೊಲಿಗೆ ಅಂಗಡಿಗೇ ಬಂದರು. ನಾನು ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದೆ.

"ನಾಳೆ ಡಾಕ್ಟ್ರನ್ನ ನೋಡೋಕೆ ಟೈಮ್ ತಗೊಂಡಿದೀನಿ. ತೆಗೆಸಿಬಿಡೋಣ ಕಣೇ. ಕತ್ತು ಊದ್ತಿದೆ."

"ಹೇಗೆ ಅಳೆದ್ರಿ, ತೋರಿಸಿ," ಎಂದಳು ಚಿಕ್ಕಮ್ಮ.

ಅವರು ಟೇಪು ಸುತ್ತಿದರು, ತೋರುಬೆರಳನ್ನು ಒಳಗಿಟ್ಟು.

"ಬೆರಳು ಯಾಕೆ?"

"ನೀನು ಕಾಲರ್ ಅಳೆಯುವಾಗ ಇಡ್ತೀಯಲ್ಲ. ಮುಂಚೆ ನಾನು ಇಡ್ತಿರಲಿಲ್ಲ. ನಿನ್ನೆ ಬಿಗಿಯಾಗಿ ನಿನಗೆ ನೋವಾಗತ್ತೇನೋ ಅನ್ನಿಸ್ತು."

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ನಗಲಿಲ್ಲ. "ಒಳಗಿರೋದು ಟೇಪಿಗೆ ಸಿಗಲ್ಲ ರೀ," ಎಂದಳು. "ನಿಮಗೆ ತಡ್ಕೊಳ್ಳೋಕೇ ಆಗ್ತಿಲ್ಲ ಅಂದ್ರೆ ಹೇಳಿ, ತೆಗೆಸ್ಕೊಳ್ತೀನಿ. ಅದೂ ತಪ್ಪಲ್ಲ ಅಂದಿದಾರೆ."

ಚಿಕ್ಕಪ್ಪ ಬಹಳ ಹೊತ್ತು ಟೇಪನ್ನು ಸುತ್ತಿದರು, ಬಿಚ್ಚಿದರು. ನಾನು ಸೂಜಿ ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ಪಾಪ ಅನ್ನಿಸಿತು.

"ನಿನಗೆ ಬೇಡದ್ದು ನನಗೋಸ್ಕರ ಬೇಡ," ಎಂದರು ಕೊನೆಗೆ. "ನಾಳೆ ಹೋಗೋದು ಬೇಡ, ಸ್ಕ್ಯಾನ್ ಆಗಲಿ."

ಆರನೇ ತಿಂಗಳ ಸ್ಕ್ಯಾನಿನಲ್ಲಿ ಎಂಟು ಮಿಲಿಮೀಟರ್ ಬಂತು. ಡಾಕ್ಟರಮ್ಮ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, "ಒಂದು ಮಿಲಿಮೀಟರ್ ವ್ಯತ್ಯಾಸ ಅಳೆಯೋ ಕೈಯಿಂದಲೇ ಬರತ್ತೆ, ಅದನ್ನ ಬೆಳವಣಿಗೆ ಅನ್ನಲ್ಲ," ಎಂದರು.

"ಗೊತ್ತು ಮೇಡಂ," ಎಂದರು ಚಿಕ್ಕಪ್ಪ, "ಬೆರಳು ಇಟ್ಟಿರ್ತಾರೆ."

ಭಾನುವಾರದ ಅಳತೆ ಈಗಲೂ ನಡೆದಿದೆ. ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಮಾತ್ರ ಬಿಟ್ಟಿದ್ದಾರೆ. ಟೇಪು ಸುತ್ತಿ, ಬೆರಳನ್ನು ಒಳಗಿಟ್ಟು, ಸುಮ್ಮನೆ ನಿಂತಿರುತ್ತಾರೆ. ಚಿಕ್ಕಮ್ಮನೂ ಅವಸರ ಮಾಡುವುದಿಲ್ಲ.